ಹೋಸ್ಟಿಂಗ್ ನಿಂತು ಹೋದ ಡೊಮೈನಿನ ಇಮೇಲ್ ಮರಳಿ ಪಡೆದ ಬಗೆ: ಬೆಳಗಾವಿಯ ಒಂದು ಫೌಂಡ್ರಿಯ ಪ್ರಕರಣ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಪಂಪು ಮತ್ತು ವಾಲ್ವ್‌ಗಳ ಎರಕದ ಭಾಗಗಳನ್ನು ತಯಾರಿಸುವ ಒಂದು ಪಾಲುದಾರಿಕೆ ಸಂಸ್ಥೆಯ ಮಾಲೀಕರು ಒಂದು ಸೋಮವಾರ ಬೆಳಿಗ್ಗೆ ನನಗೆ ಫೋನ್ ಮಾಡಿದರು. ಶುಕ್ರವಾರ ರಾತ್ರಿಯಿಂದ ಕಚೇರಿಯ ಯಾವ ಇಮೇಲಿಗೂ ಏನೂ ಬಂದಿರಲಿಲ್ಲ. ಶನಿವಾರ, ಭಾನುವಾರ ರಜೆಯಿರುವುದರಿಂದ ಹೀಗಾಗಿರಬಹುದು ಎಂದು ಅವರು ಸುಮ್ಮನಿದ್ದರು. ಆದರೆ ಸೋಮವಾರ ಪುಣೆಯ ಒಬ್ಬ ಗ್ರಾಹಕರು, ತಾವು ಕಳುಹಿಸಿದ ನಕ್ಷೆ ತಲುಪುವುದು ತಡವಾಗುತ್ತಿದೆ ಎಂಬ ಸೂಚನೆ ತಮ್ಮ ಸರ್ವರಿನಿಂದ ಬಂದಿದೆ ಎಂದು ತಿಳಿಸಿದರು. ಸಂಸ್ಥೆಯ ವೆಬ್‌ಸೈಟ್ ತೆರೆಯುತ್ತಿರಲಿಲ್ಲ, ವೆಬ್‌ಮೇಲ್ ಕೂಡ ತೆರೆಯುತ್ತಿರಲಿಲ್ಲ. ಸಂಸ್ಥೆಯ ಗುರುತು ಹೊರಬೀಳದಿರಲಿ ಎಂದು ಅವರ ಡೊಮೈನನ್ನು ಇಲ್ಲಿ example.com ಎಂದೇ ಬರೆಯುತ್ತೇನೆ.

ಆ ತಡವಾಗುತ್ತಿದೆ ಎಂಬ ಮಾತನ್ನು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು. ಮೇಲ್ ತಿರಸ್ಕೃತವಾಗಿ ವಾಪಸು ಹೋಗುವುದಕ್ಕೂ ಕಳುಹಿಸಿದವರ ಸರ್ವರಿನಲ್ಲಿ ಸರದಿಯಲ್ಲಿ ನಿಂತಿರುವುದಕ್ಕೂ ಬಹಳ ಅಂತರವಿದೆ. ಸರದಿಯಲ್ಲಿ ನಿಂತ ಮೇಲನ್ನು ಕಳುಹಿಸುವ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ತಲುಪಿಸಲು ಪ್ರಯತ್ನಿಸಿ, ಆಮೇಲೆ ಕೈಬಿಡುತ್ತದೆ. ಕೆಲವು ಸರ್ವರ್‌ಗಳು ಇನ್ನೂ ಬೇಗ ಕೈಬಿಡುತ್ತವೆ. ಹಾಗಾಗಿ ಬುಧವಾರದೊಳಗೆ ಮೇಲ್ ಸ್ವೀಕರಿಸುವ ವ್ಯವಸ್ಥೆ ಮತ್ತೆ ಶುರುವಾದರೆ ಶುಕ್ರವಾರದಿಂದ ಈಚಿನ ಬಹುಪಾಲು ಮೇಲ್ ತಾನಾಗಿಯೇ ಬಂದು ಸೇರುತ್ತದೆ, ತಡವಾದರೆ ಅದು ಹೋದಂತೆಯೇ. ಮುಂದಿನ ಪ್ರತಿಯೊಂದು ಹೆಜ್ಜೆಯ ಹಿಂದೆಯೂ ಈ ಗಡುವು ಇತ್ತು.

ಮೇಲ್ ನಿಂತಾಗ ಎಲ್ಲರೂ ಮೇಲ್ ಕೆಟ್ಟಿತು ಎನ್ನುತ್ತಾರೆ. ವಾಸ್ತವದಲ್ಲಿ ಅದರ ಹಿಂದೆ ಮೂರು ಬೇರೆ ಬೇರೆ ಸೇವೆಗಳಿರುತ್ತವೆ. ಹೆಸರು ನಿಮ್ಮದೆಂದು ದಾಖಲಿಸಿಕೊಂಡಿರುವವರು ರಿಜಿಸ್ಟ್ರಾರ್. ಆ ಹೆಸರಿಗೆ ಬರುವ ಮೇಲ್ ಯಾವ ಯಂತ್ರಕ್ಕೆ ಹೋಗಬೇಕೆಂದು ಕೇಳಿದವರಿಗೆ ಹೇಳುವವು ನೇಮ್‌ಸರ್ವರ್‌ಗಳು. ಮೇಲ್ ಇಟ್ಟುಕೊಳ್ಳುವುದು ಹೋಸ್ಟಿಂಗ್ ಸರ್ವರ್. ಈ ಸಂಸ್ಥೆಯಲ್ಲಿ, ಬಹಳಷ್ಟು ಸಣ್ಣ ಉದ್ಯಮಗಳಲ್ಲಿ ಇರುವಂತೆಯೇ, ನೇಮ್‌ಸರ್ವರ್ ಮತ್ತು ಮೇಲ್ ಎರಡೂ ಹೋಸ್ಟಿಂಗ್ ಕಂಪನಿಯ ಬಳಿ ಇದ್ದವು, ಹೆಸರಿನ ನೋಂದಣಿ ಮಾತ್ರ ಬೇರೊಬ್ಬರ ಬಳಿ ಇತ್ತು. ಯಾವ ಕೊಂಡಿ ಕಳಚಿದೆ ಎಂದು ನೋಡಲು ಎರಡು ಪ್ರಶ್ನೆ ಸಾಕಾಯಿತು.

```
dig +noall +authority NS example.com @a.gtld-servers.net
dig MX example.com @ns1.host.example
```

ಮೊದಲನೆಯದು, ಎಲ್ಲ ಡಾಟ್ ಕಾಮ್ ಹೆಸರುಗಳ ಮೂಲ ಪಟ್ಟಿಯನ್ನು ಇಟ್ಟುಕೊಂಡಿರುವ ರಿಜಿಸ್ಟ್ರಿಯನ್ನೇ ನೇರವಾಗಿ ಕೇಳುತ್ತದೆ. ಡೊಮೈನ್ ಜೀವಂತವಾಗಿದೆ, ಅದು ಹಳೆಯ ಹೋಸ್ಟಿಂಗ್ ಕಂಪನಿಯ `ns1` ಮತ್ತು `ns2` ಕಡೆಗೇ ಕೈತೋರಿಸುತ್ತಿದೆ ಎಂಬ ಉತ್ತರ ಬಂತು. ಎರಡನೆಯದು, ಮೇಲ್ ಯಾವ ಯಂತ್ರಕ್ಕೆ ಹೋಗಬೇಕೆಂದು ಆ `ns1` ಅನ್ನು ಕೇಳುತ್ತದೆ. ಅದಕ್ಕೆ ಬಂದ ಉತ್ತರದಲ್ಲಿ `status: REFUSED` ಎಂದಿತ್ತು. ಈ ಡೊಮೈನಿನ ವಿವರ ನನ್ನ ಬಳಿ ಇಲ್ಲ, ನನ್ನನ್ನು ಕೇಳಬೇಡಿ ಎಂದು ಆ ನೇಮ್‌ಸರ್ವರ್ ಹೇಳುತ್ತಿತ್ತು. ಹೋಸ್ಟಿಂಗ್ ಕಂಪನಿ ಖಾತೆಯನ್ನು ಬರೀ ತಡೆಹಿಡಿದಿರಲಿಲ್ಲ, ಸಂಪೂರ್ಣವಾಗಿ ತೆಗೆದುಹಾಕಿತ್ತು ಎಂಬುದು ಇದರಿಂದ ಸ್ಪಷ್ಟವಾಯಿತು. ಮೇಲ್ ಏಕೆ ವಾಪಸಾಗದೆ ಸರದಿಯಲ್ಲಿ ನಿಂತಿದೆ ಎಂಬುದಕ್ಕೂ ಇದೇ ಕಾರಣ. ನೇಮ್‌ಸರ್ವರ್ ಹೀಗೆ ನಿರಾಕರಿಸಿದಾಗ ಕಳುಹಿಸುವ ಸರ್ವರ್ ಅದನ್ನು ತಾತ್ಕಾಲಿಕ ತೊಂದರೆಯೆಂದು ಭಾವಿಸುತ್ತದೆ. ಹೆಸರೇ ಅಸ್ತಿತ್ವದಲ್ಲಿಲ್ಲ ಎಂಬ ಉತ್ತರ ಬಂದಿದ್ದರೆ ಆ ಕ್ಷಣವೇ ವಾಪಸು ಕಳುಹಿಸುತ್ತಿತ್ತು.

ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿದಾಗ ಹಿಂದಿನ ಕಥೆ ತಿಳಿಯಿತು. ವಾರ್ಷಿಕ ಹಣ ಕಡಿತವಾಗುತ್ತಿದ್ದ ಕಾರ್ಡಿನ ಅವಧಿ ಮುಗಿದಿತ್ತು. ಮೊದಲ ಹಂತದಲ್ಲಿ ಅವರು ವೆಬ್‌ಸೈಟನ್ನು ಮಾತ್ರ ನಿಲ್ಲಿಸಿ ಮೇಲನ್ನು ಉಳಿಸಿದ್ದರು. ತಮ್ಮ ವೆಬ್‌ಸೈಟನ್ನು ತಾವೇ ತೆರೆದು ನೋಡುವವರು ಕಚೇರಿಯಲ್ಲಿ ಯಾರೂ ಇಲ್ಲದ್ದರಿಂದ ಅದು ಗಮನಕ್ಕೆ ಬರಲಿಲ್ಲ. ಸೂಚನೆಗಳೆಲ್ಲ ಹಳೆಯ ಮ್ಯಾನೇಜರ್ ಒಬ್ಬರ ಹೆಸರಿನ ಮೇಲ್‌ಬಾಕ್ಸಿಗೆ ಹೋಗಿದ್ದವು. ಅವರು ನಾಲ್ಕು ವರ್ಷದ ಹಿಂದೆಯೇ ಕೆಲಸ ಬಿಟ್ಟಿದ್ದರು, ಆ ಮೇಲ್‌ಬಾಕ್ಸನ್ನು ಆಗಲೇ ಅಳಿಸಲಾಗಿತ್ತು. ಖಾತೆ ತೆಗೆಯುವ ಮುನ್ನ ಉಳಿಸಿದ ಬ್ಯಾಕಪ್ ಏನಾದರೂ ಇದೆಯೇ ಎಂದು ಸ್ಪಷ್ಟವಾಗಿ ಕೇಳಿದೆ. ಇಲ್ಲ ಎಂದರು. ಹೀಗೆ ಕೇಳುವುದನ್ನು ಬಿಡಬಾರದು, ಏಕೆಂದರೆ ಕೆಲವು ಕಂಪನಿಗಳು ಬ್ಯಾಕಪ್ಪನ್ನು ಕೆಲವು ದಿನ ಇಟ್ಟಿರುತ್ತವೆ, ಆದರೆ ಕೇಳದೆ ತಾವಾಗಿ ಹೇಳುವುದಿಲ್ಲ.

ಇನ್ನು ರಿಜಿಸ್ಟ್ರಾರ್ ಕಡೆಯ ಸ್ಥಿತಿ. ಲಾಗಿನ್ ಯಾರಿಗೂ ನೆನಪಿರಲಿಲ್ಲ. ಡೊಮೈನ್ ನೋಂದಣಿಯ ವಿವರವನ್ನು ಯಾರು ಬೇಕಾದರೂ ನೋಡಬಹುದಾದ ಹೂಈಸ್ ದಾಖಲೆಯಲ್ಲಿ ಈಗ ಮಾಲೀಕರ ಇಮೇಲ್ ಕಾಣುವುದಿಲ್ಲ, 2018ರಿಂದ ಈಚೆಗೆ ವೈಯಕ್ತಿಕ ವಿವರಗಳನ್ನು ಬಹುತೇಕ ಮರೆಮಾಡಲಾಗುತ್ತಿದೆ. ಲೆಕ್ಕ ನೋಡಿಕೊಳ್ಳುವವರ ಕಪಾಟಿನಲ್ಲಿದ್ದ ಹಳೆಯ ನವೀಕರಣದ ಬಿಲ್ಲೊಂದು ನೆರವಿಗೆ ಬಂತು. ಅದರ ಮೇಲೆ ಮಾಲೀಕತ್ವ ಸಂಸ್ಥೆಯ ಹೆಸರಿನಲ್ಲಿಯೇ ಇತ್ತು. ಇದು ಬಹಳ ದೊಡ್ಡ ಭಾಗ್ಯ. ವೆಬ್‌ಸೈಟ್ ಮಾಡಿಕೊಟ್ಟವರು ತಮ್ಮ ಹೆಸರಿನಲ್ಲಿಯೇ ಡೊಮೈನ್ ನೋಂದಾಯಿಸಿರುವ ಪ್ರಕರಣಗಳಲ್ಲಿ ಸಂಸ್ಥೆ ತನ್ನ ಹಕ್ಕನ್ನು ಸಾಧಿಸುವುದು ತೀರಾ ಕಷ್ಟ. ಆದರೆ ಸಂಪರ್ಕದ ಇಮೇಲ್ ಮತ್ತು ಮೊಬೈಲ್ ಎರಡೂ ಅದೇ ಹಳೆಯ ಮ್ಯಾನೇಜರರವು, ಮತ್ತು ಆ ಇಮೇಲ್ ಇದೇ example.com ಡೊಮೈನಿನದು. ಡೊಮೈನಿನ ಅವಧಿ ಮುಗಿಯಲು ಇನ್ನು 23 ದಿನ ಮಾತ್ರ ಉಳಿದಿತ್ತು. ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ಜಗತ್ತಿನಾದ್ಯಂತ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮದ ಪ್ರಕಾರ ರಿಜಿಸ್ಟ್ರಾರ್ ಸುಮಾರು ಒಂದು ತಿಂಗಳ ಮೊದಲು ಒಮ್ಮೆ, ಒಂದು ವಾರದ ಮೊದಲು ಇನ್ನೊಮ್ಮೆ ಸೂಚನೆ ಕಳುಹಿಸಬೇಕು. ಮೊದಲನೆಯದು ಈಗಾಗಲೇ ಇಲ್ಲದ ಮೇಲ್‌ಬಾಕ್ಸಿನ ಬಾಗಿಲು ತಟ್ಟಿ ಹೋಗಿತ್ತು.

ಗಂಟು ಎಲ್ಲಿದೆ ಎಂಬುದು ಈಗ ಕಾಣಿಸಿತು. ಮೇಲ್ ಮತ್ತೆ ಬರಬೇಕಾದರೆ ನೇಮ್‌ಸರ್ವರ್ ಬದಲಿಸಬೇಕು. ಅದಕ್ಕೆ ರಿಜಿಸ್ಟ್ರಾರ್ ಲಾಗಿನ್ ಬೇಕು. ಲಾಗಿನ್ ಮರುಹೊಂದಿಸುವ ಕೊಂಡಿ ಬರುವುದು, ನಿಂತುಹೋಗಿರುವ ಅದೇ ಡೊಮೈನಿನ ಇಮೇಲಿಗೆ. ರಿಜಿಸ್ಟ್ರಾರಿಗೆ ದಾಖಲೆ ಕಳುಹಿಸಿ ಕಾಯುವುದು ಒಂದು ದಾರಿ, ಆದರೆ ಅದಕ್ಕೆ ವಾರವಾದರೂ ಬೇಕು. ಅದಾದ ಮೇಲೂ ಡಾಟ್ ಕಾಮ್ ವಲಯದಲ್ಲಿ ನೇಮ್‌ಸರ್ವರ್ ದಾಖಲೆಗಳನ್ನು ಎರಡು ದಿನ, ಅಂದರೆ 1,72,800 ಸೆಕೆಂಡು, ನೆನಪಿನಲ್ಲಿಟ್ಟುಕೊಳ್ಳುವಂತೆ ಹೇಳಲಾಗಿರುವುದರಿಂದ ಬದಲಾವಣೆ ಎಲ್ಲ ಕಡೆ ತಲುಪಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಸರದಿಯ ಮೇಲ್ ಎಲ್ಲ ವಾಪಸಾಗಿರುತ್ತಿತ್ತು.

ಗಂಟನ್ನು ಬಿಚ್ಚಲು ಸಾಧ್ಯವಾದದ್ದು ಒಂದೇ ಸಂಗತಿಯಿಂದ. ಡೊಮೈನ್ ಇನ್ನೂ ಹಳೆಯ ಕಂಪನಿಯ `ns1`, `ns2` ಕಡೆಗೇ ಕೈತೋರಿಸುತ್ತಿತ್ತು. ನೇಮ್‌ಸರ್ವರ್ ಬದಲಿಸುವ ಅಗತ್ಯವೇ ಇಲ್ಲ, ಆ ನೇಮ್‌ಸರ್ವರ್‌ಗಳು ಮತ್ತೆ ಉತ್ತರ ಕೊಡುವಂತಾದರೆ ಸಾಕು. ಅದೇ ಕಂಪನಿಯಲ್ಲಿ ಮಾಲೀಕರ ಹೆಸರಿನಲ್ಲಿ ಅತಿ ಚಿಕ್ಕ ಯೋಜನೆಯೊಂದನ್ನು ಹೊಸದಾಗಿ ಕೊಂಡು, ಅದೇ ಡೊಮೈನನ್ನು ಅದಕ್ಕೆ ಸೇರಿಸಿದರೆ, ರಿಜಿಸ್ಟ್ರಾರ್ ಕೈ ಹಿಡಿಯದೆಯೇ ಮೇಲ್ ಹರಿಯತೊಡಗುತ್ತದೆ. ಹಳೆಯ ಹೋಸ್ಟಿಂಗಿನ ಮೇಲೆ ಸಿಟ್ಟಾಗಿ ಬೇರೆ ಕಂಪನಿಯಲ್ಲಿ ಹಣ ಕಟ್ಟಿಬಿಡುವುದು ಇಂಥ ಸಂದರ್ಭದಲ್ಲಿ ಜನ ಮಾಡುವ ಮೊದಲ ತಪ್ಪು. ಈ ಮಾಲೀಕರೂ ಅದೇ ಯೋಚನೆಯಲ್ಲಿದ್ದರು. "ಹಣ ಕಟ್ಟಲಿಲ್ಲವೆಂದು ಎಲ್ಲ ಅಳಿಸಿದವರ ಬಳಿಗೇ ಮತ್ತೆ ಹೋಗಬೇಕೇನ್ರೀ?" ಎಂದು ಕೇಳಿದರು. ಒಂದು ತಿಂಗಳ ಮಟ್ಟಿಗೆ ಹೋಗಲೇಬೇಕು ಎಂದು ಒಪ್ಪಿಸಿದೆ.

ಇಲ್ಲಿ ಒಂದು ತೊಡಕು ಎದುರಾಯಿತು. ಹೊಸ ಯೋಜನೆಗೆ ಕಂಪನಿ ತನ್ನ ಬೇರೊಂದು ಸರ್ವರನ್ನು ಕೊಟ್ಟಿತು, ಅದರ ನೇಮ್‌ಸರ್ವರ್‌ಗಳು `ns5` ಮತ್ತು `ns6`. ಡೊಮೈನಿನ ವಿವರ ಅಲ್ಲಿ ಸಿದ್ಧವಾದರೂ ಹೊರಜಗತ್ತು ಕೇಳುವುದು `ns1` ಅನ್ನು. ಆ ವಿವರವನ್ನು ಹಳೆಯ ನೇಮ್‌ಸರ್ವರ್‌ಗಳ ಮೇಲೂ ಹಾಕಿಕೊಡಿ ಎಂದು ಬರೆದು, ಹಳೆಯ ಖಾತೆಯ ಬಿಲ್ ಸಂಖ್ಯೆ ಮತ್ತು ಸಂಸ್ಥೆಯ ಜಿಎಸ್‌ಟಿ ಪ್ರಮಾಣಪತ್ರವನ್ನು ಲಗತ್ತಿಸಿದೆವು. ಅವರು ಪುರಾವೆ ಕೇಳಿದ್ದು ಸರಿಯಾಗಿಯೇ ಇತ್ತು. ಹೀಗೆ ಅನಾಥವಾಗಿ ನಿಂತ ಡೊಮೈನನ್ನು ಸಂಬಂಧವಿಲ್ಲದ ಯಾರಾದರೂ ತಮ್ಮ ಖಾತೆಗೆ ಸೇರಿಸಿಕೊಂಡರೆ ಸಂಸ್ಥೆಯ ಎಲ್ಲ ಮೇಲ್ ಅವರ ಪಾಲಾಗುತ್ತದೆ.

ಪುರಾವೆ ಪರಿಶೀಲನೆಗೆ ಹಿಡಿದ ಒಂದು ದಿನವನ್ನು ನಾವು ಮೇಲ್‌ಬಾಕ್ಸ್‌ಗಳನ್ನು ರಚಿಸಲು ಬಳಸಿದೆವು. ಈ ಕ್ರಮವನ್ನು ಹಿಂದುಮುಂದಾಗಿಸಬಾರದು. ನೇಮ್‌ಸರ್ವರ್ ಉತ್ತರಿಸತೊಡಗಿದ ಕೂಡಲೇ ಸರದಿಯಲ್ಲಿರುವ ಮೇಲ್ ಬರತೊಡಗುತ್ತದೆ. ಆ ಹೊತ್ತಿಗೆ ವಿಳಾಸದ ಮೇಲ್‌ಬಾಕ್ಸ್ ಇಲ್ಲದಿದ್ದರೆ ಸರ್ವರ್ ಅಂಥ ವ್ಯಕ್ತಿ ಇಲ್ಲ ಎಂದು 550 ಸಂಖ್ಯೆಯ ಖಾಯಂ ನಿರಾಕರಣೆ ಕೊಡುತ್ತದೆ, ನಾಲ್ಕು ದಿನ ತಾಳ್ಮೆಯಿಂದ ಕಾದಿದ್ದ ಮೇಲ್ ಕೊನೆಯ ಹೆಜ್ಜೆಯಲ್ಲಿ ವಾಪಸಾಗುತ್ತದೆ. ಹಾಗಾಗಿ ನೆನಪಿದ್ದ ಹನ್ನೊಂದು ವಿಳಾಸಗಳನ್ನು ರಚಿಸಿ, ಉಳಿದ ಯಾವುದೇ ಹೆಸರಿಗೆ ಬಂದದ್ದೆಲ್ಲ ಒಂದೇ ಪೆಟ್ಟಿಗೆಗೆ ಬೀಳುವಂತೆ ಕ್ಯಾಚ್-ಆಲ್ ವ್ಯವಸ್ಥೆ ಮಾಡಿದೆವು. ಕ್ಯಾಚ್-ಆಲ್ ಇಟ್ಟರೆ ಕಸದ ಮೇಲ್ ಬಹಳ ಬರುತ್ತದೆ, ಅದನ್ನು ಖಾಯಂ ಇಡುವಂತಿಲ್ಲ. ಆದರೆ ಯಾವ ಯಾವ ಹಳೆಯ ಹೆಸರುಗಳಿಗೆ ಇನ್ನೂ ಮೇಲ್ ಬರುತ್ತಿದೆ ಎಂದು ತಿಳಿಯಲು ಮೊದಲ ಒಂದು ತಿಂಗಳು ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಮಂಗಳವಾರ ಸಂಜೆ ಆರರ ಸುಮಾರಿಗೆ `ns1` ನಿರಾಕರಿಸುವುದನ್ನು ಬಿಟ್ಟು `NOERROR` ಎಂದು ಉತ್ತರಿಸಿತು. ನಾವು ಮೂವರು ಒಂದೇ ಪರದೆಯ ಮುಂದೆ ಕುಳಿತಿದ್ದೆವು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಮಾರಾಟ ವಿಭಾಗದ ಪೆಟ್ಟಿಗೆಯಲ್ಲಿ ಒಂದು, ಲೆಕ್ಕದ ಪೆಟ್ಟಿಗೆಯಲ್ಲಿ ಎರಡು, ಹೀಗೆ ಶುರುವಾಗಿ, ರಾತ್ರಿ ಒಂಬತ್ತರೊಳಗೆ ಅರವತ್ತಕ್ಕೂ ಹೆಚ್ಚು ಮೇಲ್‌ಗಳು ಬಂದವು. ಪುಣೆಯ ನಕ್ಷೆಯೂ ಅವುಗಳಲ್ಲಿತ್ತು.

ಹಳೆಯ ಮೇಲಿನ ವಿಚಾರದಲ್ಲಿ ಇಷ್ಟು ಸುಸೂತ್ರವಾಗಲಿಲ್ಲ, ಅದರಲ್ಲಿ ನನ್ನ ತಪ್ಪೂ ಇದೆ. ಸರ್ವರಿನಲ್ಲಿದ್ದದ್ದು ಅಳಿದುಹೋಗಿದ್ದರಿಂದ ಉಳಿದಿದ್ದುದು ಕಚೇರಿಯ ಕಂಪ್ಯೂಟರ್‌ಗಳಲ್ಲಿದ್ದ ಪ್ರತಿಗಳು ಮಾತ್ರ. ಲೆಕ್ಕದವರ ಕಂಪ್ಯೂಟರ್ ಪಾಪ್ ವಿಧಾನದಲ್ಲಿತ್ತು. ಈ ವಿಧಾನದಲ್ಲಿ ಮೇಲ್ ಕಂಪ್ಯೂಟರಿಗೆ ಇಳಿದು ಅಲ್ಲಿಯೇ ಇರುತ್ತದೆ, ಸರ್ವರಿನಲ್ಲಿ ಏನಾದರೂ ಅದಕ್ಕೆ ಧಕ್ಕೆಯಿಲ್ಲ. ಅವರ ಆರು ವರ್ಷದ ಮೇಲ್ ಹಾಗೆಯೇ ಇತ್ತು. ಉಳಿದವು ಐಮ್ಯಾಪ್ ವಿಧಾನದಲ್ಲಿದ್ದವು. ಇಲ್ಲಿ ಕಂಪ್ಯೂಟರಿನಲ್ಲಿರುವುದು ಸರ್ವರಿನ ಪ್ರತಿಬಿಂಬ. ಹೊಸ ಸರ್ವರಿನಲ್ಲಿ ಅದೇ ವಿಳಾಸದ ಖಾಲಿ ಪೆಟ್ಟಿಗೆಯಿದ್ದು, ಹಳೆಯ ಪ್ರತಿಯಿರುವ ತಂತ್ರಾಂಶ ಅದಕ್ಕೆ ಲಾಗಿನ್ ಆದರೆ, ಪೆಟ್ಟಿಗೆ ಬದಲಾಗಿದೆ ಎಂದು ಅದು ಗುರುತಿಸುತ್ತದೆ, ತನ್ನಲ್ಲಿದ್ದ ಹಳೆಯ ಪ್ರತಿ ಅಮಾನ್ಯವೆಂದು ತೀರ್ಮಾನಿಸಿ ಅದನ್ನು ಕೈಬಿಟ್ಟು, ಸರ್ವರಿನ ಖಾಲಿತನವನ್ನೇ ತಾನೂ ತೋರಿಸುತ್ತದೆ.

ಇದನ್ನು ತಡೆಯಲು ಎರಡು ಎಚ್ಚರಿಕೆ ಬೇಕು. ಸೋಮವಾರವೇ ಎಲ್ಲ ಕಂಪ್ಯೂಟರ್‌ಗಳಲ್ಲಿ ಮೇಲ್ ತಂತ್ರಾಂಶವನ್ನು `Work Offline` ಸ್ಥಿತಿಗೆ ತಂದು, ಆ ಬಳಕೆದಾರರ ಪ್ರೊಫೈಲ್ ಫೋಲ್ಡರನ್ನು ಪೂರ್ತಿಯಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡಬೇಕು. ಹೊಸ ಮೇಲ್‌ಬಾಕ್ಸ್‌ಗಳಿಗೆ ಬೇಕೆಂದೇ ಬೇರೆ ಪಾಸ್‌ವರ್ಡ್ ಇಡಬೇಕು, ಆಗ ಮರೆತು ಆನ್‌ಲೈನ್ ಆದ ಕಂಪ್ಯೂಟರ್ ಕೂಡ ಒಳಹೋಗಲಾರದೆ ಬಾಗಿಲಲ್ಲೇ ನಿಲ್ಲುತ್ತದೆ. ನಾನು ಎರಡನ್ನೂ ಮಾಡಿದೆ, ಆದರೆ ರವಾನೆ ವಿಭಾಗದ ಕಂಪ್ಯೂಟರಿನ ನಕಲು ಬುಧವಾರಕ್ಕೆ ಉಳಿದಿತ್ತು. ಮಂಗಳವಾರ ರಾತ್ರಿ ಹೊಸ ಪಾಸ್‌ವರ್ಡ್‌ಗಳ ಚೀಟಿಯನ್ನು ಮಾಲೀಕರ ಮೇಜಿನ ಮೇಲೆ ಬಿಟ್ಟು ಬಂದೆ. ಬುಧವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ರವಾನೆಯ ಹುಡುಗ ಆ ಪಾಸ್‌ವರ್ಡ್ ಹಾಕಿ ಆಗಿತ್ತು. ನಾನು ಅವನ ಹಿಂದೆ ನಿಂತಿದ್ದಾಗ ಎಡಗಡೆಯ ಪಟ್ಟಿಯಲ್ಲಿ ಕಳುಹಿಸಿದ ಮೇಲ್‌ಗಳ ಫೋಲ್ಡರ್ ಒಮ್ಮೆ ಮಿನುಗಿ ಖಾಲಿಯಾಯಿತು. ಅವನು ತಿರುಗಿ, "ಸರ್, ಇದರಾಗ ಇದ್ದದ್ದು ಎಲ್ಲಿ ಹೋತ್ರೀ?" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಲೆಕ್ಕದವರಿಗೂ ಪ್ರತಿ ಕಳುಹಿಸುವ ರೂಢಿ ಅವನಿಗಿದ್ದುದರಿಂದ ಬಹುಪಾಲು ಲಾರಿ ರಸೀದಿಗಳು ಮತ್ತು ಪ್ಯಾಕಿಂಗ್ ಪಟ್ಟಿಗಳು ಆ ಕಂಪ್ಯೂಟರಿನಿಂದ ಸಿಕ್ಕವು. ಸಾಗಣೆದಾರರ ಜೊತೆಗಿನ ದರದ ಮಾತುಕತೆ ಸಿಗಲಿಲ್ಲ.

ಮೇಲ್ ಮರಳಿದ ಮೇಲೆ ರಿಜಿಸ್ಟ್ರಾರ್ ಬಾಗಿಲು ಅರ್ಧ ತೆರೆಯಿತು. ಹಳೆಯ ಮ್ಯಾನೇಜರರ ಹೆಸರಿನ ಮೇಲ್‌ಬಾಕ್ಸನ್ನು ಮರಳಿ ರಚಿಸಿದ್ದೆವು. ಆ ವಿಳಾಸ ಸಂಸ್ಥೆಯದೇ ಆಗಿದ್ದರೂ, ಪಾಲುದಾರರಿಂದ ಲಿಖಿತ ಒಪ್ಪಿಗೆ ಪಡೆದು, ಆ ಮ್ಯಾನೇಜರರಿಗೂ ಫೋನ್ ಮಾಡಿ ತಿಳಿಸಿಯೇ ಇದನ್ನು ಮಾಡಿದ್ದು. ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಅಲ್ಲಿಗೆ ಬಂತು. ಒಳಗೆ ಹೋಗಿ ನೋಡಲು ಸಾಧ್ಯವಾಯಿತು, ಆದರೆ ಏನನ್ನು ಬದಲಿಸಬೇಕಾದರೂ ಒಟಿಪಿ ಹೋಗುತ್ತಿದ್ದುದು ಅವರ ಹಳೆಯ ಮೊಬೈಲಿಗೆ. ಅವರು ಆ ಸಂಖ್ಯೆಯನ್ನು ಬಿಟ್ಟು ವರ್ಷಗಳಾಗಿದ್ದವು, ಅದು ಈಗ ಯಾರ ಬಳಿಯಿದೆಯೋ ತಿಳಿಯದು.

ಹೀಗಾಗಿ ದಾಖಲೆಯ ದಾರಿಯನ್ನೂ ಹಿಡಿಯಬೇಕಾಯಿತು. ಅದಕ್ಕೂ ಮೊದಲು ನವೀಕರಣದ ಹಣ ಕಟ್ಟಿಬಿಟ್ಟೆವು. ನವೀಕರಣದಿಂದ ಮಾಲೀಕತ್ವ ಬದಲಾಗುವುದಿಲ್ಲವಾದ್ದರಿಂದ ಒಟಿಪಿ ಇಲ್ಲದೆಯೂ ರಿಜಿಸ್ಟ್ರಾರ್ ಪಾವತಿಯ ಲಿಂಕ್ ಕಳುಹಿಸಲು ಒಪ್ಪಿದರು. ಕಟ್ಟದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಮಾಲೀಕರಿಗೆ ಹೀಗೆ ವಿವರಿಸಿದೆ: ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಇಷ್ಟಪಟ್ಟರೆ 45 ದಿನಗಳವರೆಗೆ ಮಾಮೂಲಿ ದರದಲ್ಲಿ ನವೀಕರಿಸಲು ಬಿಡಬಹುದು, ಆದರೆ ಅಷ್ಟು ದಿನ ಬಿಡಲೇಬೇಕೆಂದಿಲ್ಲ. ಅಳಿಸಿದ ಮೇಲೆ 30 ದಿನ `redemptionPeriod` ಎಂಬ ಸ್ಥಿತಿ, ಆಗ ಬಿಡಿಸಿಕೊಳ್ಳಲು ದುಬಾರಿ ಶುಲ್ಕ. ಆಮೇಲೆ 5 ದಿನ `pendingDelete`, ಆ ದಿನಗಳಲ್ಲಿ ಯಾರೂ ಏನೂ ಮಾಡುವಂತಿಲ್ಲ. ನಂತರ ಹೆಸರು ಯಾರಿಗಾದರೂ ಸಿಗುತ್ತದೆ. ಅವಧಿ ಮುಗಿದ ಡೊಮೈನನ್ನು ನೋಡುವವರನ್ನು ದಾರಿ ತಪ್ಪಿಸುವ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಅವಧಿ ಮುಗಿದ ಕ್ಷಣ ರಿಜಿಸ್ಟ್ರಿ ತಾನಾಗಿಯೇ ಒಂದು ವರ್ಷ ಮುಂದಕ್ಕೆ ಹಾಕುವುದರಿಂದ ಹೂಈಸ್‌ನಲ್ಲಿ `Registry Expiry Date` ಮುಂದಿನ ವರ್ಷವನ್ನು ತೋರಿಸುತ್ತದೆ. ಹಣ ಯಾರೋ ಕಟ್ಟಿದ್ದಾರೆ ಎಂದು ನಿಶ್ಚಿಂತರಾಗದೆ, ಕೆಳಗೆ `autoRenewPeriod` ಎಂಬ ಸ್ಥಿತಿ ಇದೆಯೇ ಎಂದು ನೋಡಬೇಕು. ಇದ್ದರೆ ಆ ವರ್ಷ ಇನ್ನೂ ನಿಮ್ಮದಾಗಿಲ್ಲದಿರಬಹುದು.

ದಾಖಲೆಗಳಲ್ಲಿ ಎಡವಿದ್ದು ಹೆಸರಿನ ವಿಷಯದಲ್ಲಿ. ಡೊಮೈನ್ ನೋಂದಾಯಿಸಿದಾಗ ಸಂಸ್ಥೆಯ ಹೆಸರಿನ ಕೊನೆಯ ಪದ ಎಂಟರ್‌ಪ್ರೈಸಸ್ ಎಂದಿತ್ತು, ಈಗಿನ ಪ್ಯಾನ್ ಮತ್ತು ಜಿಎಸ್‌ಟಿ ಪ್ರಮಾಣಪತ್ರದಲ್ಲಿ ಇಂಡಸ್ಟ್ರೀಸ್ ಎಂದಿದೆ. ರಿಜಿಸ್ಟ್ರಾರ್ ಮೊದಲ ಅರ್ಜಿಯನ್ನು ಇದೇ ಕಾರಣಕ್ಕೆ ವಾಪಸು ಕಳುಹಿಸಿದರು. ಎರಡು ಹೆಸರುಗಳ ನಡುವಿನ ಕೊಂಡಿಯೆಂದರೆ ಪಾಲುದಾರಿಕೆಯನ್ನು ಪುನಾರಚಿಸಿದಾಗ ಮಾಡಿದ್ದ ಕರಾರುಪತ್ರ. ಅದನ್ನು, ಎಲ್ಲ ಪಾಲುದಾರರ ಸಹಿಯಿರುವ ಲೆಟರ್‌ಹೆಡ್ ಪತ್ರವನ್ನು ಮತ್ತು ಹಳೆಯ ನವೀಕರಣದ ಬಿಲ್ಲನ್ನು ಜೊತೆಗೂಡಿಸಿ ಎರಡನೇ ಬಾರಿ ಕಳುಹಿಸಿದೆವು. ಒಟ್ಟು ಒಂಬತ್ತು ದಿನದಲ್ಲಿ ಹೊಸ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ದಾಖಲಾದವು. ಈ ಬಾರಿ ಸಂಪರ್ಕಕ್ಕೆ ಕೊಟ್ಟ ಇಮೇಲ್ example.com ಡೊಮೈನಿನದಲ್ಲ, ಪಾಲುದಾರರಿಬ್ಬರೂ ತೆರೆಯಬಲ್ಲ ಹೊರಗಿನ ವಿಳಾಸ.

ಇಮೇಲ್ ಬದಲಾದ ದಿನವೇ ಆ ಹೊಸ ವಿಳಾಸಕ್ಕೆ ದೃಢೀಕರಣದ ಕೊಂಡಿಯೊಂದು ಬಂತು. ಅದನ್ನು 15 ದಿನದೊಳಗೆ ಒತ್ತದಿದ್ದರೆ ರಿಜಿಸ್ಟ್ರಾರ್ ಡೊಮೈನನ್ನೇ ತಡೆಹಿಡಿಯಬಹುದು, ಆಗ ಇಷ್ಟೆಲ್ಲ ಕಷ್ಟಪಟ್ಟು ತಂದ ಮೇಲ್ ಮತ್ತೆ ನಿಲ್ಲುತ್ತದೆ. ಅದು ಕಸದ ಫೋಲ್ಡರಿನಲ್ಲಿ ಬಿದ್ದಿತ್ತು. ಹುಡುಕಿ ಒತ್ತಿದೆವು. ಮಾಲೀಕರಿಗೆ ಆಗಲೇ ಬೇರೆ ರಿಜಿಸ್ಟ್ರಾರಿಗೆ ಹೋಗುವ ಆಸೆಯಿತ್ತು. ಆದರೆ ಮಾಲೀಕತ್ವದ ವಿವರ ಬದಲಿಸಿದ ಮೇಲೆ 60 ದಿನ ವರ್ಗಾವಣೆಗೆ ಬೀಗ ಬಿದ್ದಿದ್ದರಿಂದ ಅದನ್ನು ಮುಂದಕ್ಕೆ ಹಾಕಿ, ಮೇಲನ್ನು ಮಾತ್ರ ಪ್ರತ್ಯೇಕ ಸೇವೆಯೊಂದಕ್ಕೆ ಸಾಗಿಸಿದೆವು.

ಕ್ಯಾಚ್-ಆಲ್ ಪೆಟ್ಟಿಗೆಯನ್ನು ತಿಂಗಳ ಕೊನೆಯಲ್ಲಿ ಮುಚ್ಚುವ ಮುನ್ನ ಅದರಲ್ಲಿದ್ದುದನ್ನು ಒಂದೊಂದಾಗಿ ನೋಡಿದೆವು. ಬಹುಪಾಲು ಕಸ. ಬ್ಯಾಂಕಿನ ಒಂದು ಸೂಚನೆ, ಎರಡು ಪೂರೈಕೆದಾರರ ಲೆಕ್ಕಪಟ್ಟಿ, ವಿದ್ಯುತ್ ಬಿಲ್ಲಿನ ಒಂದು ಸಂದೇಶ ಹೀಗೆ ಹಳೆಯ ಹೆಸರುಗಳಿಗೆ ಬರುತ್ತಿದ್ದವು, ಅವುಗಳ ವಿಳಾಸಗಳನ್ನು ಬದಲಿಸಿದರು. ಯಾರಿಗೂ ನೆನಪಿರದ, ಖರೀದಿ ವಿಭಾಗದ ಹಳೆಯ ವಿಳಾಸವೊಂದಕ್ಕೆ ಇನ್ನೊಬ್ಬ ರಿಜಿಸ್ಟ್ರಾರಿನಿಂದ ಒಂದು ಮೇಲ್ ಬಂದಿತ್ತು. ಇದೇ ಹೆಸರಿನ ಡಾಟ್ ಇನ್ ಡೊಮೈನ್ ಕೂಡ ಸಂಸ್ಥೆಯದೇ ಎಂಬುದು, ಅದರ ಅವಧಿ ಇನ್ನು ಒಂದು ತಿಂಗಳಲ್ಲಿ ಮುಗಿಯುತ್ತದೆ ಎಂಬುದು, ಅವರಿಗೆ ಗೊತ್ತಾದದ್ದು ಆ ಮೇಲಿನಿಂದ.